ಕಾಲು ಶತಮಾನದ ನಂತರ ಕಾಲೇಜಿನವರನ್ನು ಹುಡುಕಿದ್ದು

ಸುರತ್ಕಲ್‌ನ ಕೆಆರ್‌ಇಸಿಯಲ್ಲಿ ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದು 1998ರಲ್ಲಿ. ಆಮೇಲೆ ದುಡಿದದ್ದೆಲ್ಲ ವಾಹನಗಳ ಬಿಡಿಭಾಗಗಳ ಉದ್ಯಮದಲ್ಲಿ. ಕೊನೆಯ ವರ್ಷಗಳಲ್ಲಿ ಸರಬರಾಜುದಾರರ ಗುಣಮಟ್ಟ ನೋಡಿಕೊಳ್ಳುವ ವಿಭಾಗದ ಹೊಣೆ ನನ್ನದಾಗಿತ್ತು. 2023ರಲ್ಲಿ ವೈದ್ಯಕೀಯ ಉಪಕರಣಗಳ ಕ್ಷೇತ್ರಕ್ಕೆ ಹೋಗಬೇಕೆಂದು ತೀರ್ಮಾನಿಸಿದೆ. ಆ ವರ್ಷದ ಅಕ್ಟೋಬರ್‌ನಿಂದ ಹೆಚ್ಚು ಅಪಾಯದ ವರ್ಗದ ಉಪಕರಣಗಳಿಗೂ ಪರವಾನಗಿ ಕಡ್ಡಾಯವಾಗುವುದಿತ್ತು. ಗುಣಮಟ್ಟ ವ್ಯವಸ್ಥೆಯನ್ನು ಕಟ್ಟಬಲ್ಲವರು ಅಲ್ಲಿ ಬೇಕಾಗುತ್ತಾರೆ ಎಂಬುದು ನನ್ನ ಲೆಕ್ಕ. ಆದರೆ ಆ ಕ್ಷೇತ್ರದಲ್ಲಿ ನನಗೆ ಒಬ್ಬರ ಪರಿಚಯವೂ ಇರಲಿಲ್ಲ, ಜಾಹೀರಾತುಗಳೆಲ್ಲ ಅದೇ ಕ್ಷೇತ್ರದ ಅನುಭವ ಕೇಳುತ್ತಿದ್ದವು.

ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಲಸ ಹುಡುಕುತ್ತಿದ್ದೇನೆಂದು ಬರೆಯಬಾರದು ಎಂಬುದನ್ನು ಮೊದಲೇ ನಿರ್ಧರಿಸಿದ್ದೆ. ಹೊಸದಾಗಿ ಪದವಿ ಪಡೆದವರು ಹಾಗೆ ಬರೆದರೆ ನಷ್ಟವಿಲ್ಲ. ನಮ್ಮ ವಯಸ್ಸಿನಲ್ಲಿ ಅದೇ ಗುಂಪಿನಲ್ಲಿ ನಮ್ಮ ಕಂಪನಿಯವರಿರುತ್ತಾರೆ, ನಮ್ಮ ಗ್ರಾಹಕರ ಕಡೆಯವರಿರುತ್ತಾರೆ, ನಮ್ಮ ಮೇಲಧಿಕಾರಿಯ ಸ್ನೇಹಿತರೂ ಇರುತ್ತಾರೆ. ಸಂಜೆಯೊಳಗೆ ಸುದ್ದಿ ಕಚೇರಿ ತಲುಪುತ್ತದೆ. ಇನ್ನೊಂದು ಕಾರಣವೂ ಇದೆ. ಬ್ಯಾಚಿನವರಲ್ಲಿ ಹೆಚ್ಚಿನವರು ನಮ್ಮಂತೆಯೇ ಇರುವವರು. ನನ್ನ ಆಪ್ತ ಗೆಳೆಯರೆಲ್ಲ ವಾಹನ ಉದ್ಯಮದಲ್ಲೋ ಸಾಫ್ಟ್‌ವೇರ್‌ನಲ್ಲೋ ಇದ್ದರು. ಅವರಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು. ನನಗೆ ಬೇಕಾದವರು ಐದಾರು ವರ್ಷ ಹಿಂದಿನ ಅಥವಾ ಮುಂದಿನ ಬ್ಯಾಚುಗಳಲ್ಲಿದ್ದರು.

ಅಂಥವರನ್ನು ಹುಡುಕಲು ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟಕ್ಕೆ ಹೋಗಿ Alumni ವಿಭಾಗ ತೆರೆದೆ. ಯಾವ ಊರು, ಯಾವ ಕಂಪನಿ, ಯಾವ ವರ್ಷಗಳ ನಡುವೆ ಓದಿದವರು ಎಂದು ಅಲ್ಲಿ ಸೋಸಬಹುದು. ಇಲ್ಲಿ ಒಂದು ತೊಡಕಿದೆ. ನಮ್ಮ ಕಾಲೇಜು 2002ರಲ್ಲಿ ಎನ್‌ಐಟಿಕೆ ಆಯಿತು. ನಮ್ಮ ಕಾಲದ ಅನೇಕರು ತಮ್ಮ ವಿವರಗಳಲ್ಲಿ KREC ಎಂದೇ ಬರೆದುಕೊಂಡಿದ್ದಾರೆ, ಕೆಲವರು Karnataka Regional Engineering College ಎಂದು ಪೂರ್ತಿ ಬರೆದಿದ್ದಾರೆ. ಹಾಗೆ ಸುಮ್ಮನೆ ಟೈಪ್ ಮಾಡಿದವರ ಹೆಸರು ಕಾಲೇಜಿನ ಈಗಿನ ಪುಟದ ಲೆಕ್ಕಕ್ಕೆ ಸೇರದೆ ಹೋಗಬಹುದು. ಹಳೆಯ ಹೆಸರುಗಳನ್ನು ಬೇರೆಯಾಗಿ ಹುಡುಕಿದಾಗಲೇ ನನ್ನ ಸೀನಿಯರ್‌ಗಳು ಸಿಕ್ಕಿದ್ದು. ಹೆಸರು ಬದಲಾದ ಯಾವ ಕಾಲೇಜಿನವರೂ ಇದನ್ನು ಮಾಡಲೇಬೇಕು.

ಹಳೆಯ ವಿದ್ಯಾರ್ಥಿ ಸಂಘದ ಬೆಂಗಳೂರು ಘಟಕ ನನಗೆ ಬೇರೆ ರೀತಿಯಲ್ಲಿ ನೆರವಾಯಿತು. ಅದರ ಕೂಟಗಳಿಗೆ ಬರುವವರಲ್ಲಿ ವಿಮೆ, ನಿವೇಶನ ಮಾರುವವರೂ ಇರುತ್ತಾರೆ. ಕೈಕುಲುಕಿದ ಕೂಡಲೇ ಅವರ ಕಾರ್ಡ್ ಹೊರಬರುತ್ತದೆ. ಅದನ್ನು ನೋಡಿ ಘಟಕವನ್ನೇ ಬಿಟ್ಟವರನ್ನು ಬಲ್ಲೆ. ಆದರೆ ಘಟಕದ ಕಾರ್ಯದರ್ಶಿಯಾಗಿರುವವರು ವರ್ಷಗಟ್ಟಲೆ ಚಂದಾ ವಸೂಲಿ ಮಾಡಿದವರು, ಸಭಾಂಗಣಕ್ಕೆ, ವಿದ್ಯಾರ್ಥಿವೇತನಕ್ಕೆ ಹಣ ಕೂಡಿಸಿದವರು. ಯಾರು ಎಲ್ಲಿದ್ದಾರೆ, ಯಾರು ಫೋನ್ ಎತ್ತುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ನಾನು ಸೋಸಿ ಇಟ್ಟುಕೊಂಡ ಹೆಸರುಗಳನ್ನು ಅವರ ಮುಂದಿಟ್ಟು, ‘ಸರ್, ಇವರಲ್ಲಿ ನಿಮಗೆ ಸಂಪರ್ಕದಲ್ಲಿರುವವರು ಯಾರು?’ ಎಂದಷ್ಟೇ ಕೇಳಿದೆ. ಅವರು ಎರಡು ಹೆಸರಿಗೆ ಬೆರಳಿಟ್ಟು, ‘ಮೊದಲು ನಾನೊಂದು ಮಾತು ಹೇಳಿರುತ್ತೇನೆ, ಆಮೇಲೆ ಬರೆಯಿರಿ’ ಎಂದರು. ಸದಸ್ಯರ ಪಟ್ಟಿಯನ್ನೇ ಕೊಡಿ ಎಂದು ಕೇಳಬಾರದು. ಆ ವಿವರಗಳನ್ನು ಜನ ಸಂಘವನ್ನು ನಂಬಿ ಕೊಟ್ಟಿರುತ್ತಾರೆ.

ಆ ಇಬ್ಬರಲ್ಲಿ ಒಬ್ಬರು ನನಗಿಂತ ಆರು ವರ್ಷ ಹಿರಿಯರು. ಕಾಲೇಜಿನಲ್ಲಿ ನಾವು ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ಅವರಿಗೆ ಬರೆದದ್ದರ ಸಾರ ಇಷ್ಟು: ‘ನಾನು 1998ರ ಮೆಕ್ಯಾನಿಕಲ್. ವಾಹನ ಬಿಡಿಭಾಗಗಳ ಸರಬರಾಜುದಾರರ ಗುಣಮಟ್ಟದಲ್ಲಿ ಕೆಲಸ ಮಾಡಿದ್ದೇನೆ, ವೈದ್ಯಕೀಯ ಉಪಕರಣಗಳ ಕಡೆ ಬರುವ ಯೋಚನೆಯಿದೆ. ನನ್ನಂಥವನನ್ನು ಸಂದರ್ಶನ ಮಾಡುವಾಗ ನಿಮಗೆ ಮೊದಲು ಕಾಣುವ ಕೊರತೆ ಯಾವುದು? ಇದನ್ನು ತಿಳಿಯಲು ಇಪ್ಪತ್ತು ನಿಮಿಷ ಕೊಡುವಿರಾ? ವಿಷಯ ಸದ್ಯ ನಮ್ಮಲ್ಲೇ ಇರಲಿ.’ ಬಯೋಡೇಟಾ ಜೊತೆಗೆ ಕಳಿಸಲಿಲ್ಲ. ಬಯೋಡೇಟಾ ಬಂದ ಕೂಡಲೇ ಓದುವವರು ಅದನ್ನು ನೇಮಕಾತಿ ವಿಭಾಗಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ. ತನ್ನ ಕೆಲಸದ ಬಗ್ಗೆ ನಿರ್ದಿಷ್ಟ ಪ್ರಶ್ನೆ ಬಂದಾಗ ಮನುಷ್ಯ ತಾನೇ ಕುಳಿತು ಉತ್ತರಿಸುತ್ತಾನೆ.

ಭಾನುವಾರ ಬೆಳಿಗ್ಗೆ ಅವರೇ ಫೋನ್ ಮಾಡಿದರು. ವೈದ್ಯಕೀಯ ಉಪಕರಣಗಳ ಗುಣಮಟ್ಟ ವ್ಯವಸ್ಥೆಯ ಮಾನದಂಡವಾದ ಐಎಸ್‌ಒ 13485 ಓದಿಕೊಂಡಿದ್ದೀರಾ ಎಂದು ಕೇಳುತ್ತಾರೆಂದು ನಿರೀಕ್ಷಿಸಿದ್ದೆ, ಓದಿಯೂ ಇದ್ದೆ. ಅವರು ಕೇಳಿದ್ದು ಬೇರೆ. ‘ಕ್ರಿಮಿಶುದ್ಧ ಪೊಟ್ಟಣದ ಅಂಚನ್ನು ಬಿಸಿಯಿಂದ ಬೆಸೆಯುತ್ತಾರೆ. ಬೆಸುಗೆ ಗಟ್ಟಿಯಿದೆಯೇ ಎಂದು ಪ್ರತಿ ಪೊಟ್ಟಣವನ್ನೂ ಹೇಗೆ ಪರೀಕ್ಷಿಸುತ್ತೀರಿ?’ ಪರೀಕ್ಷಿಸಲು ಅದನ್ನು ಎಳೆದು ಹರಿಯಬೇಕು. ಹರಿದರೆ ಮಾರಲು ಏನೂ ಉಳಿಯುವುದಿಲ್ಲ. ಆದ್ದರಿಂದ ಅಲ್ಲಿ ಪ್ರಕ್ರಿಯೆಯನ್ನೇ ಮೊದಲು ಸಾಬೀತುಪಡಿಸಬೇಕು: ಯಂತ್ರ ಸರಿಯಾಗಿ ಸ್ಥಾಪನೆಯಾಗಿದೆ ಎಂದು, ತಾಪ, ಒತ್ತಡ, ಸಮಯಗಳ ಮಿತಿಯ ಎರಡೂ ತುದಿಗಳಲ್ಲಿ ಬೆಸುಗೆ ನಿಲ್ಲುತ್ತದೆ ಎಂದು, ದಿನನಿತ್ಯದ ಉತ್ಪಾದನೆಯಲ್ಲೂ ಅದು ಮರುಕಳಿಸುತ್ತದೆ ಎಂದು. ವಾಹನ ಉದ್ಯಮದಲ್ಲಿ ನಾವು ಭಾಗವನ್ನು ಒಪ್ಪುವಾಗ ಮಾದರಿಗಳ ಅಳತೆಗಳನ್ನು ಮುಂದಿಟ್ಟು ಮಾತಾಡುತ್ತೇವೆ. ಸಂದರ್ಶನಕ್ಕೆ ಬರುವ ವಾಹನದವರು ಅಲ್ಲಿಯೇ ಎಡವುತ್ತಾರೆ ಎಂದು ಅವರು ಹೇಳಿದರು. ನಾನು ಹಿಂದೆ ವೆಲ್ಡಿಂಗ್ ಮತ್ತು ಶಾಖ ಸಂಸ್ಕರಣೆಯ ಸರಬರಾಜುದಾರರ ಜೊತೆ ಮಾಡಿದ ಕೆಲಸ ಇದೇ ಜಾತಿಯದು ಎಂದು ಆಗ ಹೊಳೆಯಿತು. ಬಯೋಡೇಟಾದಲ್ಲಿ ಎಲ್ಲೋ ಕೆಳಗಿದ್ದ ಆ ಕೆಲಸವನ್ನು ಮೊದಲ ಪುಟಕ್ಕೆ ತಂದೆ.

ಅವರ ಕಂಪನಿಯಲ್ಲಿ ಜಾಗವಿರಲಿಲ್ಲ. ಮಾತು ಮುಗಿಸುವ ಮೊದಲು ‘ಇದರ ಬಗ್ಗೆ ಇನ್ನೂ ಯಾರ ಜೊತೆ ಮಾತಾಡಲಿ ಸರ್?’ ಎಂದು ಕೇಳಿದೆ. ಅವರು ಹೇಳಿದವರು ನನಗಿಂತ ಎಂಟು ವರ್ಷ ಕಿರಿಯರು, ಎನ್‌ಐಟಿಕೆ ಕಾಲದವರು, ಇನ್ನೊಂದು ಕಂಪನಿಯಲ್ಲಿ ನನ್ನದೇ ವಿಭಾಗದ ಮುಖ್ಯಸ್ಥರು. ಜೂನಿಯರ್‌ಗೆ ಬರೆಯಲು ನಮ್ಮವರು ಹಿಂಜರಿಯುತ್ತಾರೆ. ಹಿಂಜರಿಕೆ ಬೇಡ, ಆದರೆ ಸೀನಿಯರ್ ಗತ್ತೂ ಬೇಡ. ಆತ ನನ್ನನ್ನು ‘ಸರ್’ ಎಂದರು, ನಾನು ಕೊನೆಯವರೆಗೂ ‘ನೀವು’ ಎಂದೇ ಮಾತಾಡಿದೆ. ಮುಂದೆ ಅವರ ಕೈಕೆಳಗೆ ಕೆಲಸ ಮಾಡಬೇಕಾಗಬಹುದಾದವನು ‘ನೀನು’ ಎಂದು ಶುರುಮಾಡಿದರೆ ಅವರಿಗೂ ಕಷ್ಟ.

ಆ ಮಾತಿನಲ್ಲಿ ನಾನು ಕೊಡಲು ಸಾಧ್ಯವಾದದ್ದೂ ಇತ್ತು. ಅವರಿಗೆ ಸಣ್ಣ ಅಲ್ಯೂಮಿನಿಯಂ ಎರಕದ ಭಾಗಗಳನ್ನು ಕಡಿಮೆ ಸಂಖ್ಯೆಯಲ್ಲಿ ಮಾಡಿಕೊಡುವವರು ಬೇಕಿತ್ತು. ದೊಡ್ಡ ಕಾರ್ಖಾನೆಗಳು ಅಂಥ ಸಣ್ಣ ಆದೇಶಗಳಿಗೆ ಬೆಲೆ ಕೊಡುವುದಿಲ್ಲ; ಅಂಥ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಘಟಕಗಳು ಪೀಣ್ಯದಲ್ಲಿ ಎಲ್ಲಿವೆ ಎಂದು ನನಗೆ ಗೊತ್ತಿತ್ತು. ಹೆಸರುಗಳನ್ನು ಕೊಟ್ಟೆ, ನನ್ನ ಕಂಪನಿ ಆ ಘಟಕಗಳಿಗೆ ಕೊಡುವ ದರವನ್ನಾಗಲಿ ನಕ್ಷೆಗಳನ್ನಾಗಲಿ ಬಾಯಿಬಿಡಲಿಲ್ಲ, ಅವರೂ ಕೇಳಲಿಲ್ಲ.

ಕೆಲವು ತಿಂಗಳ ನಂತರ ಅವರ ಕಂಪನಿಯಲ್ಲಿ ಹುದ್ದೆ ತೆರೆಯಿತು. ನಾನು ಜಾಲತಾಣದಲ್ಲಿ ಅರ್ಜಿ ಹಾಕುವ ಮೊದಲೇ ಅವರಿಗೆ ತಿಳಿಸಿದೆ. ಅನೇಕ ಕಂಪನಿಗಳಲ್ಲಿ ಅಭ್ಯರ್ಥಿ ತಾನೇ ಅರ್ಜಿ ಹಾಕಿದ ಮೇಲೆ ಒಳಗಿನವರ ಶಿಫಾರಸನ್ನು ದಾಖಲಿಸಿಕೊಳ್ಳುವುದಿಲ್ಲ. ಅವರು ಹೆಸರು ಸೇರಿಸಿದರು, ಸಂದರ್ಶನದ ಸಮಿತಿಯಿಂದ ತಾವು ಹೊರಗುಳಿದರು. ಸಮಿತಿ ಕೇಳಿದ ಮೊದಲ ತಾಂತ್ರಿಕ ಪ್ರಶ್ನೆಯೇ ಪ್ರಕ್ರಿಯೆಯನ್ನು ಸಾಬೀತುಪಡಿಸುವುದರ ಬಗ್ಗೆ ಇತ್ತು.

ಉತ್ತರಿಸದವರೂ ಇದ್ದರು. ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸುತ್ತಿದ್ದೆ, ಆಮೇಲೆ ಬಿಟ್ಟುಬಿಡುತ್ತಿದ್ದೆ. ನೇಮಕದ ಪತ್ರಕ್ಕೆ ಸಹಿ ಹಾಕಿದ ಮೇಲೆ ಕಾರ್ಯದರ್ಶಿಗೂ ಆ ಸೀನಿಯರ್‌ಗೂ ಫೋನ್ ಮಾಡಿ, ಅವರು ತೋರಿಸಿದ ದಾರಿ ಎಲ್ಲಿಗೆ ಮುಟ್ಟಿತೆಂದು ತಿಳಿಸಿದೆ. ಕಾರ್ಯದರ್ಶಿ ಸಂತೋಷಪಟ್ಟರು, ಅದೇ ಉಸಿರಿಗೆ ವಾಹನ ಉದ್ಯಮದಿಂದ ಹೊರಬರಲು ಯೋಚಿಸುತ್ತಿದ್ದ 2003ರ ಬ್ಯಾಚಿನವರೊಬ್ಬರ ಹೆಸರು ಹೇಳಿ, ‘ಇವರಿಗೆ ಇಪ್ಪತ್ತು ನಿಮಿಷ ಕೊಡಿ’ ಎಂದರು. ಆ ವಾರವೇ ಮಾತಾಡಿದೆ.