ಕೋರೆಯ ಅನುಮತಿ ಪತ್ರ, ಗಿರಿಜಕ್ಕನ ಬಾವಿ

ಮನೆ ಪ್ಲಾನ್ ಹಾಕಿ ಪಂಚಾಯತಿನಿಂದ ಪರ್ಮಿಟ್ ಮಾಡಿಸಿಕೊಡುವುದು ನನ್ನ ಕೆಲಸ. ಮಂಜೇಶ್ವರ ತಾಲೂಕಿನ ಒಳಗಿನ ಊರು ನಮ್ಮದು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು. ಆದರೆ ಕಚೇರಿಯಿಂದ ಬರುವ ಕಾಗದ ಹೆಚ್ಚಾಗಿ ಮಲಯಾಳದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತದೆ. ಹಾಗಾಗಿ ಪ್ಲಾನಿಗೆ ಸಂಬಂಧ ಇಲ್ಲದ ಕಾಗದವನ್ನೂ ಜನ ನನ್ನ ಹತ್ತಿರ ತರುತ್ತಾರೆ.

ಒಂದು ಸಂಜೆ ನೆರೆಮನೆಯ ಗಿರಿಜಕ್ಕ ಹದಿನಾಲ್ಕು ಪುಟದ ಪತ್ರ ತಂದರು. ಅವರ ತೋಟದ ಮೇಲಿನ ಗುಡ್ಡೆಯಲ್ಲಿ ಕರಿಕಲ್ಲಿನ ಕೋರೆಗೆ ಸಿಕ್ಕಿದ ಪರಿಸರ ಅನುಮತಿ ಪತ್ರ ಅದು. ಅವರಿಗೆ ಬೇಕಾಗಿದ್ದು ಒಂದೇ ಉತ್ತರ: "ನಮ್ಮ ಬಾವಿಯ ನೀರಿಗೆ ಏನಾಗ್ತದೆ, ತಮ್ಮಾ?"

ನಾನು ಮೂರನೇ ಪುಟದಲ್ಲಿ ಆ ವಿಷಯ ಹುಡುಕಿದೆ. ಕೋರೆಯಿಂದ ಅಂತರ್ಜಲಕ್ಕೆ ತೊಂದರೆ ಇಲ್ಲ ಎಂದು ಬರೆದಿತ್ತು. "ತೊಂದರೆ ಇಲ್ಲ ಅಂತ ಸರ್ಕಾರವೇ ಬರೆದಿದೆ ಅಕ್ಕಾ" ಎಂದೆ. ಅವರು ಸಮಾಧಾನದಿಂದ ಹೋದರು. ರಾತ್ರಿ ಅದೇ ಪುಟ ಮತ್ತೆ ಓದಿದಾಗ ನನ್ನ ತಪ್ಪು ಗೊತ್ತಾಯಿತು. ಆ ವಾಕ್ಯದ ಮೊದಲು 'ಪ್ರೊಪೊನೆಂಟ್ ಹ್ಯಾಸ್ ಸ್ಟೇಟೆಡ್' ಎಂದಿತ್ತು. ಅಂದರೆ ಕೋರೆಯವರು ಅರ್ಜಿಯಲ್ಲಿ ಹೇಳಿಕೊಂಡ ಮಾತು. ಅದನ್ನು ನಾನು ಸರ್ಕಾರದ ಮಾತು ಅಂತ ಹೇಳಿಬಿಟ್ಟಿದ್ದೆ. ಬೆಳಿಗ್ಗೆ ಅವರ ಮನೆಗೆ ಹೋಗಿ, ನಿನ್ನೆ ಹೇಳಿದ್ದು ತಪ್ಪು ಎಂದು ಹೇಳಿ ಬಂದೆ.

ಈ ಪತ್ರಗಳನ್ನು ಓದುವಾಗ ಮೊದಲು ನೋಡಬೇಕಾದದ್ದು ಇದೇ. ಒಂದೇ ಪತ್ರದಲ್ಲಿ ಮೂರು ಜನ ಮಾತಾಡುತ್ತಾರೆ. ಶುರುವಿನ ಪುಟಗಳಲ್ಲಿ ಅರ್ಜಿದಾರರ ಮಾತು ಇರುತ್ತದೆ: ಎಷ್ಟು ಜಾಗ, ಎಷ್ಟು ಕಲ್ಲು, ಹತ್ತಿರದ ಮನೆ ಎಷ್ಟು ದೂರ, ನೀರಿನ ಮಟ್ಟ ಎಷ್ಟು. ನಡುವೆ ಪರಿಶೀಲನಾ ಸಮಿತಿ ಕಂಡದ್ದು. ಕೊನೆಯಲ್ಲಿ ಅನುಮತಿ ಕೊಡುವ ರಾಜ್ಯದ ಪ್ರಾಧಿಕಾರ ಹಾಕಿದ ಷರತ್ತು. ಷರತ್ತಿನ ಗುರುತು 'ಶಲ್' ಎಂಬ ಶಬ್ದ. ಅದು ಇದ್ದರೆ ಮಾಡಲೇಬೇಕು. ಮೊದಲ ಪುಟಗಳ ಮಾತು ತಪ್ಪು ಅಂತ ಅಲ್ಲ, ಆದರೆ ಅದನ್ನು ತಾಳೆ ನೋಡಬೇಕು. ನಾನು ಈಗ ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಂಡು ಗೆರೆ ಎಳೆದೇ ಓದುತ್ತೇನೆ.

ಷರತ್ತುಗಳಲ್ಲಿ ಎರಡು ಜಾತಿ. ಸಾಮಾನ್ಯ ಷರತ್ತು ಹೆಚ್ಚುಕಡಿಮೆ ಎಲ್ಲ ಕೋರೆಗಳಿಗೂ ಒಂದೇ: ಧೂಳಿಗೆ ನೀರು ಹಾಕಬೇಕು, ಲಾರಿಗೆ ಟಾರ್ಪಾಲ್ ಮುಚ್ಚಬೇಕು, ಗಿಡ ನೆಡಬೇಕು. ವಿಶೇಷ ಷರತ್ತು ಆ ಒಂದು ಜಾಗಕ್ಕೆ ಮಾತ್ರ ಹಾಕಿದ್ದು. ಜಾಸ್ತಿ ಹೊತ್ತು ಕೊಡಬೇಕಾದದ್ದು ಅದಕ್ಕೆ. ಗಿರಿಜಕ್ಕನ ಪತ್ರದಲ್ಲಿ ಅಂಥ ಒಂದು ಸಾಲಿತ್ತು: ಸಮುದ್ರ ಮಟ್ಟದಿಂದ 80 ಮೀಟರ್ ಎತ್ತರದವರೆಗೆ ಮಾತ್ರ ಅಗೆಯಬಹುದು, ಅದಕ್ಕಿಂತ ಕೆಳಗೆ ಹೋಗಬಾರದು.

80 ಮೀಟರ್ ಅಂದರೆ ಆಳ ಅಲ್ಲ, ಎತ್ತರ. ಇಲ್ಲಿಯೇ ಜನ ತಪ್ಪು ತಿಳಿಯುವುದು. "80 ಮೀಟರ್ ಗುಂಡಿ ತೆಗೀತಾರಾ?" ಎಂದು ಗಿರಿಜಕ್ಕನ ಮಗ ಹೆದರಿ ಕೇಳಿದ. ಅಲ್ಲ, ಗುಂಡಿಯ ತಳ ಆ ಎತ್ತರದಲ್ಲಿ ನಿಲ್ಲಬೇಕು. ಹಾಗಾದರೆ ಬಾವಿಯ ನೀರು ಎಷ್ಟು ಎತ್ತರದಲ್ಲಿದೆ?

ಅದನ್ನು ಅಳೆಯಲು ನಮಗೆ ದೊಡ್ಡ ಉಪಕರಣ ಬೇಕಾಗಲಿಲ್ಲ. parivesh.nic.in ನಲ್ಲಿ ಅನುಮತಿ ಪತ್ರದ ಜೊತೆ ಅರ್ಜಿಯ ಕಾಗದಗಳೂ ಸಿಕ್ಕಿದವು. ಗಣಿ ಯೋಜನೆಯ ನಕ್ಷೆಯಲ್ಲಿ ಕೋರೆಯ ಗಡಿಕಲ್ಲುಗಳಿಗೆ ನಂಬರು ಮತ್ತು ಎತ್ತರ ಕೊಟ್ಟಿದ್ದರು. ಗಿರಿಜಕ್ಕನ ಬೇಲಿಗೆ ಹತ್ತಿರದ ನಾಲ್ಕನೇ ಗಡಿಕಲ್ಲಿನ ಎತ್ತರ 104 ಮೀಟರ್. ಮನೆ ಕಟ್ಟುವ ಮೇಸ್ತ್ರಿಯ ಲೆವೆಲ್ ಪೈಪು ತರಿಸಿದೆವು. ನೀರು ತುಂಬಿದ ಪಾರದರ್ಶಕ ಪೈಪು, ಎರಡು ತುದಿಗೂ ಗೂಟ. ಗಡಿಕಲ್ಲಿನಿಂದ ಬಾವಿಕಟ್ಟೆಗೆ 140 ಮೀಟರ್ ದೂರ. ಇಳಿಜಾರಿನಲ್ಲಿ ಹದಿಮೂರು ಸಲ ಪೈಪು ಹಿಡಿದು, ಪ್ರತಿ ಸಲದ ವ್ಯತ್ಯಾಸ ಬರೆದುಕೊಂಡು ಇಳಿದೆವು. ಮತ್ತೆ ಮೇಲಕ್ಕೆ ಅಳೆಯುತ್ತ ಹೋಗಿ ತಾಳೆ ನೋಡಿದೆವು. ಆರು ಸೆಂಟಿಮೀಟರ್ ಮಾತ್ರ ವ್ಯತ್ಯಾಸ ಬಂತು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಲೆಕ್ಕ ಹಾಳಾಗುತ್ತದೆ. ಅದಕ್ಕೆ ಎರಡು ಸಲ ಅಳೆಯುವುದು.

ಬಾವಿಕಟ್ಟೆ ಗಡಿಕಲ್ಲಿಗಿಂತ 11 ಮೀಟರ್ ಕೆಳಗೆ, ಅಂದರೆ 93. ಏಪ್ರಿಲ್ ತಿಂಗಳು ಅದು. ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟಾಗ ನೀರು ಕಟ್ಟೆಯಿಂದ 9 ಮೀಟರ್ ಕೆಳಗಿತ್ತು, ಅಂದರೆ 84. ಕೋರೆಯ ತಳ 80ರವರೆಗೆ ಹೋಗಬಹುದು. ಬೇಸಿಗೆಯ ನೀರಿಗಿಂತ 4 ಮೀಟರ್ ಕೆಳಗೆ.

ಇದರಿಂದ ಬಾವಿ ಬತ್ತಿಯೇ ಹೋಗುತ್ತದೆ ಎಂದು ನಾನು ಹೇಳಲಿಲ್ಲ, ಹೇಳಲೂಬಾರದು. ಗಟ್ಟಿ ಕಲ್ಲಿನಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ಬಿರುಕು ಬಾವಿಯಿಂದ ಗುಂಡಿಯ ಕಡೆಗೆ ಇದ್ದರೆ ನೀರು ಇಳಿಯಬಹುದು, ಇಲ್ಲದಿದ್ದರೆ ಏನೂ ಆಗದೆಯೂ ಇರಬಹುದು. ಆದರೆ ಅರ್ಜಿಯಲ್ಲಿ ನೀರಿನ ಮಟ್ಟ 68 ಮೀಟರ್ ಎಂದು ಬರೆದಿತ್ತು, ನಮ್ಮ ಅಳತೆಯಲ್ಲಿ 84. ಈ ವ್ಯತ್ಯಾಸ ಕಾಗದದಲ್ಲಿ ದಾಖಲಾಗಬೇಕು ಎಂದು ಹೇಳಿದೆ. ಇನ್ನೊಂದು ವಿಷಯ: ಅರ್ಜಿಯ ನೀರಿನ ಮೂಲಗಳ ಪಟ್ಟಿಯಲ್ಲಿ ಬಾವಿ, ಬೋರ್‌ವೆಲ್ ಇದ್ದವು, ಸುರಂಗ ಇರಲಿಲ್ಲ. ನಮ್ಮ ಕಡೆ ಎಷ್ಟೋ ತೋಟ ಬದುಕಿರುವುದು ಮುರಕಲ್ಲಿನಲ್ಲಿ ಕೊರೆದ ಸುರಂಗದ ನೀರಿನಿಂದ. ಗಿರಿಜಕ್ಕನ ಮೈದುನನ ತೋಟದಲ್ಲೂ ಒಂದಿದೆ. ಅಧಿಕಾರಿಗಳಿಗೆ ಕೊಡುವ ಮನವಿಯಲ್ಲಿ ಅದನ್ನೂ ಸೇರಿಸಿದೆವು.

ಮನವಿಗೆ ಆಧಾರವಾಗಿ ಎರಡು ಷರತ್ತು ಸಿಕ್ಕಿದವು. ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಮೂರು ತಿಂಗಳಿಗೊಮ್ಮೆ ಅಳೆದು ದಾಖಲಿಸಬೇಕು. ಅಗೆಯುವಾಗ ಅಂತರ್ಜಲ ಸಿಕ್ಕರೆ ಕೆಲಸ ನಿಲ್ಲಿಸಿ ಅನುಮತಿ ಪಡೆಯಬೇಕು. ಮೊದಲ ಷರತ್ತು ಕೆಲಸಕ್ಕೆ ಬರಬೇಕಾದರೆ ಅಗೆತ ಶುರುವಾಗುವ ಮೊದಲಿನ ಅಳತೆ ಬೇಕು. ನಂತರ ಅಳೆದರೆ ಯಾವುದಕ್ಕೆ ಹೋಲಿಸುವುದು, ಅಲ್ವಾ? ಬಂಡೆ ಒಡೆಯುವ ಸಿಡಿತಕ್ಕೂ ಹಾಗೆಯೇ. ಗೋಡೆಯ ಈಗಿನ ಬಿರುಕುಗಳ ಪಕ್ಕ ಸ್ಕೇಲ್ ಇಟ್ಟು, ತಾರೀಕು ಬರೆದ ಚೀಟಿ ಹಿಡಿದು ಫೋಟೋ ತೆಗೆಸಿದೆ.

"ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ" ಎಂಬುದು ಊರಿನವರ ಬೇಸರ. ಕೋರೆ 2.1 ಹೆಕ್ಟೇರ್. 2006ರ ಪರಿಸರ ಅಧಿಸೂಚನೆಯ ಪ್ರಕಾರ 5 ಹೆಕ್ಟೇರ್‌ವರೆಗಿನ ಇಂಥ ಕೋರೆಗೆ ಸಾರ್ವಜನಿಕ ವಿಚಾರಣೆ ಇಲ್ಲ. 500 ಮೀಟರ್ ಒಳಗೆ ಬೇರೆ ಕೋರೆಗಳಿದ್ದು ಎಲ್ಲ ಸೇರಿ 5 ದಾಟಿದರೆ ಲೆಕ್ಕ ಬದಲಾಗುತ್ತದೆ. ನಮ್ಮಲ್ಲಿ ಪಕ್ಕದ ಕೋರೆ ಅದಕ್ಕಿಂತ ದೂರ.

ತಾರೀಕಿನ ವಿಷಯ ಮಾತ್ರ ತಡಮಾಡುವಂಥದ್ದಲ್ಲ. ಅನುಮತಿಯನ್ನು ಪ್ರಶ್ನಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಹೋಗಬೇಕು. ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ ಕೊಡಬಹುದು, ಅದರ ಮೇಲೆ ಇಲ್ಲ. ನಮ್ಮ ಕಡೆಯವರಿಗೆ ಚೆನ್ನೈ ಪೀಠ. ಪತ್ರ ಗಿರಿಜಕ್ಕನ ಕೈಗೆ ಬಂದಾಗ, ಅನುಮತಿ ಸಿಕ್ಕಿದ ಬಗ್ಗೆ ಪತ್ರಿಕೆಯಲ್ಲಿ ಬಂದ ಪ್ರಕಟಣೆಯಿಂದ ಲೆಕ್ಕ ಹಾಕಿದರೆ 71 ದಿನ ಕಳೆದಿತ್ತು. ವಕೀಲರನ್ನು ಈ ವಾರವೇ ಕೇಳಿ ಎಂದೆ. ಕೇಳಿದರು. ಮೇಲ್ಮನವಿ ಬೇಡ, ಷರತ್ತು ಪಾಲಿಸುವಂತೆ ನೋಡಿಕೊಂಡರೆ ಸಾಕು ಎಂದು ಮನೆಯವರೇ ತೀರ್ಮಾನಿಸಿದರು. ಅದು ಅವರ ತೀರ್ಮಾನ. ಅಲ್ಲಿ ನಾನು ಬಾಯಿ ಹಾಕಲಿಲ್ಲ.

ಅಳತೆ, ನಕ್ಷೆ, ಫೋಟೋ ಸೇರಿಸಿ ಒಂದು ಮನವಿ ಮಾಡಿದೆವು. ಕಾಸರಗೋಡಿನಲ್ಲಿ ಸರ್ಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅವಕಾಶ ಇದೆ. ಹಾಗಾಗಿ ಪಂಚಾಯತಿಗೆ, ರಾಜ್ಯದ ಪ್ರಾಧಿಕಾರಕ್ಕೆ ಕನ್ನಡದಲ್ಲಿ ಬರೆದೆವು. ಬೆಂಗಳೂರಿನಲ್ಲಿರುವ ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿಗೆ ಇಂಗ್ಲಿಷ್ ಪ್ರತಿ ಹೋಯಿತು. ಕೋರೆಯವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಆ ವರದಿಯ ಬಾವಿ ಲೆಕ್ಕದಲ್ಲಿ ಗಿರಿಜಕ್ಕನ ಬಾವಿ ಇದೆಯೇ ಎಂದು ನಾವು ಪ್ರತಿ ಸಲ ನೋಡುತ್ತೇವೆ.

ಈಗ ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಕಿನ ಕೆಳಗೆ ಒಂದು ಅಂಕೆ ಇರುತ್ತದೆ. ಮಗ ಹಗ್ಗ ಬಿಡುತ್ತಾನೆ, ಗಿರಿಜಕ್ಕ ಬರೆಯುತ್ತಾರೆ. ಮೇ ತಿಂಗಳದ್ದು 9.4.