ಹೆಲ್ಮೆಟ್ ತೆಗೆದ ಮೇಲೆ ಹೋಗುವ ತಲೆನೋವು: ನನ್ನ ಅನುಭವ

ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ದಿನಾ ಸ್ಕೂಟರಿನಲ್ಲಿ ಹೋಗಿ ಬರುವವಳು ನಾನು. ಅರ್ಧ ದಾರಿ ಮುಟ್ಟುವ ಹೊತ್ತಿಗೆ ಹಣೆ ನಡುವೆ ಒತ್ತುವ ನೋವು ಶುರು. ಟ್ರಾಫಿಕ್ಕು, ಹೊಗೆ, ಬಿಸಿಲು, ನಿದ್ದೆಗೇಡು, ಬೈಯೋಕೆ ಏನು ಕಡಿಮೆ ಕಾರಣ ಇದೆಯಾ ಬೆಂಗಳೂರಲ್ಲಿ? ಆದರೆ ಇದೇ ರಸ್ತೆಯಲ್ಲಿ ಬಸ್ಸಲ್ಲಿ ಹೋದ ದಿನ ನೋವಿಲ್ಲ. ಆಫೀಸಿಗೆ ಹೋಗಿ ಹೆಲ್ಮೆಟ್ ತೆಗೆದಿಟ್ಟು ಒಂದು ಕಾಫಿ ಮುಗಿಸುವಷ್ಟರಲ್ಲಿ ತಾನಾಗಿಯೇ ಇಳಿಯುತ್ತದೆ. ಮಾತ್ರೆ ಬೇಕೇ ಆಗಲ್ಲ.

ಡಾಕ್ಟರಿಗೆ ಇಷ್ಟು ಹೇಳಿದ್ದಕ್ಕೇ ಅವರಿಗೆ ಗೊತ್ತಾಯಿತು. ಎಕ್ಸ್‌ಟರ್ನಲ್ ಕಂಪ್ರೆಷನ್ ಹೆಡೇಕ್, ಅಂದರೆ ಹೊರಗಿನ ಒತ್ತಡದಿಂದ ಬರುವ ತಲೆನೋವು. ಗುರುತು ಸುಲಭ. ಬಿಗಿಯಾದದ್ದನ್ನು ಹಾಕಿಕೊಂಡ ಒಂದು ಗಂಟೆಯೊಳಗೆ ಶುರುವಾಗಬೇಕು, ಒತ್ತುವ ಜಾಗದಲ್ಲೇ ಜಾಸ್ತಿ ಇರಬೇಕು, ತೆಗೆದ ಒಂದು ಗಂಟೆಯೊಳಗೆ ಹೋಗಬೇಕು. ಹುಬ್ಬಿನ ಮೇಲೆ, ತಲೆಯ ಹಿಂಭಾಗದಲ್ಲಿ ಚರ್ಮದ ಕೆಳಗೇ ನರಗಳು ಹಾದು ಹೋಗುತ್ತವೆ, ಅವುಗಳ ಮೇಲೆ ಒತ್ತಡ ಬಿದ್ದರೆ ಹೀಗಾಗುತ್ತದೆ. ಮೈಗ್ರೇನ್ ಇರುವವರಿಗೆ ಇನ್ನೂ ಬೇಗ ಬರುತ್ತದಂತೆ.

ಮೊದಲು ಟೇಪ್ ಹಿಡಿದೆ. ಹುಬ್ಬಿಗಿಂತ ಒಂದು ಇಂಚು ಮೇಲೆ, ಹಿಂದೆ ತಲೆ ಜಾಸ್ತಿ ಉಬ್ಬಿರುವ ಕಡೆ ಸುತ್ತಿದರೆ 57 ಸೆಂಟಿಮೀಟರ್ ಚಿಲ್ಲರೆ. ನನ್ನ ಹೆಲ್ಮೆಟ್ 580 ಮಿಲಿಮೀಟರಿನದು, ಅಂದರೆ 58 ಸೆಂಟಿಮೀಟರ್. ಸೈಜ್ ಸರಿ ಇದೆ, ಮತ್ತೆ ಯಾಕೆ ಒತ್ತುತ್ತೆ?

ಕನ್ನಡಿ ಮುಂದೆ ಹಾಕಿಕೊಂಡು ಒಳಗೆ ಬೆರಳು ತೂರಿಸಿ ನೋಡಿದೆ. ಕಣತಲೆ ಹತ್ತಿರ ಬೆರಳು ಆರಾಮಾಗಿ ಹೋಗುತ್ತೆ, ಹಣೆ ನಡುವೆ ಉಗುರೂ ತೂರಲ್ಲ. ತೆಗೆದಾಗ ಹಣೆ ಮೇಲೆ ಒಂದೇ ಕಡೆ ಕಾಸಿನಗಲ ಕೆಂಪು ಗುರುತು. ನನ್ನ ತಲೆ ಮುಂದಿನಿಂದ ಹಿಂದಕ್ಕೆ ಉದ್ದ, ಹೆಲ್ಮೆಟ್ಟಿನ ಒಳಗು ದುಂಡಗೆ. ಹಾಗಾಗಿ ಹಣೆ ಮತ್ತು ಹಿಂದಲೆಯಲ್ಲಿ ಕಚ್ಚಿ, ಪಕ್ಕದಲ್ಲಿ ಖಾಲಿ. ದುಂಡು ತಲೆಯವರಿಗೆ ಉಲ್ಟಾ, ಕಣತಲೆ ಹಿಂಡುತ್ತದೆ. ಸೈಜ್ ನಂಬರಿನಲ್ಲಿ ಈ ಆಕಾರ ಬರುವುದೇ ಇಲ್ಲ.

ಇಲ್ಲಿ ಎರಡು ಅಡ್ಡದಾರಿ ಇವೆ, ಎರಡೂ ಬೇಡ. ಒಂದು, ಒಳಗಿನ ಥರ್ಮೊಕೋಲನ್ನು ಅದುಮುವುದು ಅಥವಾ ಕೆರೆಯುವುದು. ಬಿದ್ದಾಗ ಪೆಟ್ಟು ಹೀರುವುದೇ ಅದು, ಅದನ್ನು ಕೆಡಿಸಿದ ಮೇಲೆ ಐಎಸ್‌ಐ ಗುರುತು ಇದ್ದೂ ಉಪಯೋಗವಿಲ್ಲ. ಕಳಚಿ ಹಾಕುವ ಬಟ್ಟೆ ಪ್ಯಾಡು, ಕೆನ್ನೆ ಪ್ಯಾಡುಗಳನ್ನು ಅದೇ ಕಂಪನಿಯ ತೆಳ್ಳಗಿನದಕ್ಕೆ ಬದಲಿಸಿದರೆ ತೊಂದರೆಯಿಲ್ಲ. ಇನ್ನೊಂದು, ಒಂದು ಸೈಜ್ ದೊಡ್ಡದು ತಗೊಳ್ಳುವುದು. ಅದು ತಲೆ ಮೇಲೆ ತಿರುಗುತ್ತೆ, ಹಿಂದಿನ ಅಂಚು ಹಿಡಿದು ಮೇಲೆತ್ತಿದರೆ ಕಳಚಿಕೊಂಡೇ ಬರಬಹುದು.

ಕೊನೆಗೆ ಅಂಗಡಿಗೆ ಹೋಗಿ ಬೇರೆ ಬೇರೆ ಆಕಾರದವನ್ನು ಹಾಕಿ ನೋಡಿದೆ. ಹಾಕಿ ತೆಗೆಯೋದಲ್ಲ, ಹಾಕಿಕೊಂಡೇ ಒಂದಿಪ್ಪತ್ತು ನಿಮಿಷ ನಿಂತೆ. ಅಂಗಡಿಯವರು, "ಮೇಡಂ, ಹೊಸದು ಸ್ವಲ್ಪ ಟೈಟ್ ಇರುತ್ತೆ, ಆಮೇಲೆ ಸರಿ ಹೋಗುತ್ತೆ" ಅಂದರು. ಅದು ಅರ್ಧ ನಿಜ. ಕೆನ್ನೆ ಪ್ಯಾಡು ಬಳಸುತ್ತಾ ಸಡಿಲ ಆಗುತ್ತೆ, ಹಣೆಯ ಒಂದೇ ಜಾಗ ಚುಚ್ಚುತ್ತಿದ್ದರೆ ಅದು ಸರಿ ಹೋಗಲ್ಲ. ನಾನು ತಗೊಂಡದ್ದು ಸುತ್ತಲೂ ಒಂದೇ ಸಮ ಹಿಡಿಯುತ್ತದೆ, ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೇ ಸರಿಯುತ್ತದೆ.

ಆದರೂ ಕೆಲವು ದಿನ ನೋವು ಬರುತ್ತಿತ್ತು. ನೋಡಿದರೆ, ತುರುಬು ಕಟ್ಟಿದ ದಿನ! ಹಿಂದಲೆಯ ಗಂಟು ಹೆಲ್ಮೆಟ್ಟನ್ನು ಎತ್ತಿ ಮುಂದಕ್ಕೆ ತಳ್ಳುತ್ತೆ, ಮುಂದಿನ ಅಂಚು ಹಣೆಗೆ ಒತ್ತುತ್ತೆ. ಜೊತೆಗೆ ಬಿಗಿ ತುರುಬು ಬುಡದಲ್ಲೇ ಕೂದಲನ್ನು ಎಳೆಯುವುದರಿಂದ ಬರೋ ನೋವು ಬೇರೆ. ಈಗ ಕತ್ತಿನ ಹತ್ತಿರ ಸಡಿಲ ಜಡೆ, ತುರುಬು ಆಫೀಸಿಗೆ ಹೋದ ಮೇಲೆ. ಕಿವಿ ಹಿಂದೆ ಕಚ್ಚುವ ಪ್ಲಾಸ್ಟಿಕ್ ಹೇರ್‌ಬ್ಯಾಂಡನ್ನು ಹೆಲ್ಮೆಟ್ ಕೆಳಗಂತೂ ಹಾಕಲ್ಲ.

ಈಜು ಕನ್ನಡಕಕ್ಕೂ ಇದೇ ಲೆಕ್ಕ. ನೀರು ಒಳಗೆ ಬರುತ್ತೆ ಅಂತ ಪಟ್ಟಿ ಎಳೆದು ಬಿಗಿ ಮಾಡ್ತೀವಿ ಅಲ್ವಾ? ಪಟ್ಟಿ ಹಾಕದೆ ಸುಮ್ನೆ ಕಣ್ಣಿಗೆ ಒತ್ತಿ ಬಿಡಿ. ಒಂದೆರಡು ಕ್ಷಣ ಅಂಟಿಕೊಂಡು ನಿಂತರೆ ನಿಮ್ಮ ಮುಖಕ್ಕೆ ಹೊಂದುತ್ತದೆ, ಪಟ್ಟಿ ಸಡಿಲವಾಗಿದ್ದರೂ ಸಾಕು. ತಕ್ಷಣ ಬಿದ್ದರೆ ಬೇರೆ ಆಕಾರದ್ದು ನೋಡಿ, ಮೆತ್ತನೆ ಸಿಲಿಕಾನ್ ಅಂಚಿನದು.

ತೆಗೆದು ಒಂದು ಗಂಟೆ ಆದರೂ ಇಳಿಯದಿದ್ದರೆ, ವಾಂತಿ ಬಂದು ಬೆಳಕು ಚುಚ್ಚಿದರೆ, ಒತ್ತಡದಿಂದ ಮೈಗ್ರೇನ್ ಎದ್ದಿರಬಹುದು, ಡಾಕ್ಟರನ್ನು ನೋಡಿ. ಸಿಡಿಲು ಬಡಿದಂತೆ ಥಟ್ಟನೆ ಬಂದ ನೋವು, ಕೈಕಾಲು ಜೋಮು, ಮಾತು ತೊದಲುವುದು ಇದ್ದರೆ ಕಾಯದೆ ಎಮರ್ಜೆನ್ಸಿಗೆ ಹೋಗಿ. ಅದು ಹೆಲ್ಮೆಟ್ಟಿನ ನೋವಲ್ಲ.