ಝಕಾತ್ ವಿಡಿಯೋ ಮಾಡಲು ಹೋಗಿ ಭಾಬಿಯನ್ನು ಹೆದರಿಸಿದ ಕಥೆ

ಗೋವಾದ ವಾಸ್ಕೋದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ನಮ್ಮವರು ಗದಗದ ಕಡೆಯವರು. ಬೈನಾ ಸುತ್ತಮುತ್ತ ನಮ್ಮ ಹಾಗೆ ಉತ್ತರ ಕರ್ನಾಟಕದಿಂದ ಬಂದವರು ಬಹಳ ಜನ ಇದ್ದಾರೆ. ಝಕಾತ್ ಅಂದರೆ ಆಸ್ತಿ ಒಂದು ಮಿತಿ ಮುಟ್ಟಿದ ಮುಸ್ಲಿಮರು ವರ್ಷಕ್ಕೊಮ್ಮೆ ಅರ್ಹರಿಗೆ ಕೊಡಲೇಬೇಕಾದ ಪಾಲು. ಅದರ ಬಗ್ಗೆ ಉರ್ದುವಿನಲ್ಲಿ ಬೇಕಾದಷ್ಟು ವಿಡಿಯೋ ಸಿಗುತ್ತವೆ, ಆದರೆ ಕನ್ನಡ ಶಾಲೆಯಲ್ಲಿ ಓದಿದವರಿಗೆ ಆ ಭಾರೀ ಉರ್ದು ಅರ್ಧ ಅರ್ಥವಾಗುತ್ತದೆ, ಅರ್ಧ ತಲೆ ಮೇಲೆ ಹೋಗುತ್ತದೆ. ಹಾಗಾಗಿ ಒಂದು ರಂಜಾನ್‌ಗೆ ಮುಂಚೆ ಕನ್ನಡದಲ್ಲಿ ಎರಡು ನಿಮಿಷದ್ದು ನಾನೇ ಮಾಡೋಣ ಅಂತ ಹೊರಟೆ.

ಮೊದಲು ಮಾಡಿದ್ದು ಕೆಟ್ಟದಾಗಿತ್ತು. ಹಿಂದೆ ಗಂಭೀರ ದನಿ, ಕೊಡದಿದ್ದರೆ ಏನಾಗುತ್ತದೆ ಅನ್ನುವ ಎಚ್ಚರಿಕೆ, ಕೊನೆಗೆ ಒಂದು ಕ್ಯೂಆರ್ ಕೋಡ್. ಹೊಲಿಗೆ ಅಂಗಡಿಯ ಭಾಬಿಗೆ ತೋರಿಸಿದೆ. ನೋಡಿ ಸುಮ್ನೆ ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ಡಬ್ಬಿಯಲ್ಲಿ ಆರು ಸಾವಿರ ಇಟ್ಟೀನಿ, ಅದರಾಗ ಎಷ್ಟು ಕೊಡಬೇಕಪ್ಪಾ?"

ಆಗ ತಿಳಿಯಿತು. ನನ್ನ ವಿಡಿಯೋ ನೋಡುವವರಲ್ಲಿ ಎಷ್ಟೋ ಜನ ಝಕಾತ್ ಕೊಡಬೇಕಾದವರೇ ಅಲ್ಲ, ಕೆಲವರಂತೂ ಪಡೆಯಲು ಅರ್ಹರು. ನಾನು ಅವರ ಮುಂದೆ ಕ್ಯೂಆರ್ ಕೋಡ್ ಹಿಡಿದಿದ್ದೆ.

"ನೀವು ಕೊಡಬೇಕಿಲ್ಲ ಭಾಬಿ" ಅಂತ ಧೈರ್ಯವಾಗಿ ಹೇಳಿಬಿಟ್ಟೆ. ಅದೂ ತಪ್ಪೇ. ನಮ್ಮ ಮೌಲಾನಾ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಕೊರಳಲ್ಲಿ ಬಂಗಾರ ಇದೆಯಾ?"

ಇಲ್ಲೇ ಜಾಸ್ತಿ ಜನ ಎಡವುವುದು. ಝಕಾತ್ ಬೀಳಬೇಕಾದರೆ ಆಸ್ತಿ ಒಂದು ಮಿತಿ ಮುಟ್ಟಬೇಕು, ಅದಕ್ಕೆ ನಿಸಾಬ್ ಅನ್ನುತ್ತಾರೆ. ಬಂಗಾರ ಮಾತ್ರ ಇದ್ದರೆ ಏಳೂವರೆ ತೊಲ, ಅಂದರೆ ಸುಮಾರು 87.5 ಗ್ರಾಂ. ಬೆಳ್ಳಿಯಾದರೆ ಐವತ್ತೆರಡೂವರೆ ತೊಲ, ಸುಮಾರು 612 ಗ್ರಾಂ. ಇಸ್ಲಾಮಿನ ಕಾನೂನಿನ ಪಂಥಗಳಲ್ಲಿ ನಾವು ಹನಫಿಗಳು. ನಮ್ಮ ಲೆಕ್ಕದಲ್ಲಿ ಬಂಗಾರದ ಜೊತೆ ನಗದೂ ಇದ್ದರೆ ಎರಡನ್ನೂ ಕೂಡಿಸಿ ಬೆಳ್ಳಿಯ ಮಿತಿಗೆ ಹೋಲಿಸುತ್ತಾರೆ. ಬೆಳ್ಳಿ ಅಗ್ಗ, ಹಾಗಾಗಿ ಮಿತಿ ಬಹಳ ಕೆಳಗಿರುತ್ತದೆ.

ಲೆಕ್ಕ ಸುಲಭವಾಗಲಿ ಅಂತ ಬೆಳ್ಳಿ ಗ್ರಾಂಗೆ 100 ರೂಪಾಯಿ, ಬಂಗಾರ 10,000 ಅಂತ ಇಟ್ಟುಕೊಳ್ಳಿ. ನಿಸಾಬ್ ಸುಮಾರು 61,200 ಆಯಿತು. ಭಾಬಿಯ ಹತ್ತಿರ 6 ಗ್ರಾಂ ಬಂಗಾರ, ಅಂದರೆ 60,000. ಡಬ್ಬಿಯ ಆರು ಸಾವಿರ ಸೇರಿಸಿದರೆ 66,000. ಮಿತಿ ದಾಟಿತು! ಆದರೆ ಹೊಲಿಗೆ ಯಂತ್ರಕ್ಕೆ ಅಂತ ಪರಿಚಯದವರಿಂದ ತಂದ ಕೈಸಾಲ 12,000 ಇನ್ನೂ ಬಾಕಿ ಇತ್ತು. ಅದನ್ನು ಕಳೆದರೆ 54,000. ಮಿತಿಯ ಕೆಳಗೆ ಬಂತು, ಝಕಾತ್ ಇಲ್ಲ. ಹೊಲಿಗೆ ಯಂತ್ರವನ್ನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ದುಡಿಯುವ ಸಾಧನ. ಇರುವ ಮನೆ, ಓಡಿಸುವ ಸ್ಕೂಟರೂ ಹಾಗೆಯೇ. ಗಂಡನ ದುಡ್ಡನ್ನು ಇದಕ್ಕೆ ಸೇರಿಸುವ ಹಾಗಿಲ್ಲ, ಅವರವರ ಆಸ್ತಿಗೆ ಅವರವರ ಲೆಕ್ಕ.

ಅಂದರೆ ನನ್ನ ಉತ್ತರ ಸರಿಯಾಗಿತ್ತು, ಕಾರಣ ಮಾತ್ರ ತಪ್ಪಾಗಿತ್ತು. ಭಾಬಿಯ ಒಪ್ಪಿಗೆ ಕೇಳಿ, ಹೆಸರು ಹೇಳದೆ, ಇದನ್ನೇ ಹೊಸ ವಿಡಿಯೋದ ಮೊದಲ ಉದಾಹರಣೆ ಮಾಡಿದೆ. ಕೊಡಬೇಕಿಲ್ಲದವರ ಉದಾಹರಣೆಯಿಂದ ಶುರು ಮಾಡಿದರೆ ನೋಡುವವರ ಎದೆಬಡಿತ ಅಲ್ಲೇ ಇಳಿಯುತ್ತದೆ, ಮುಂದಿನದನ್ನು ತಣ್ಣಗೆ ಕೇಳುತ್ತಾರೆ.

ಇನ್ನೊಂದು ತಪ್ಪು ಕಲ್ಪನೆ ಇನ್‌ಕಮ್ ಟ್ಯಾಕ್ಸ್‌ನಿಂದ ಬಂದದ್ದು. ವರ್ಷದ ಸಂಬಳದಲ್ಲಿ ನೂರಕ್ಕೆ ಎರಡೂವರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದಕ್ಕೆ ಒಂದು ಕೊಡ ಇಟ್ಟೆ, ನಲ್ಲಿ ಬಿಟ್ಟೆ, ನಡುವೆ ಚೊಂಬಿನಿಂದ ನೀರು ತೆಗೆಯುತ್ತಾ ಹೋದೆ. ನಲ್ಲಿಯಲ್ಲಿ ಎಷ್ಟು ನೀರು ಬಂತು ಅನ್ನುವುದು ಲೆಕ್ಕವಲ್ಲ, ವರ್ಷ ತುಂಬಿದ ದಿನ ಕೊಡದಲ್ಲಿ ಎಷ್ಟು ನಿಂತಿದೆ ಅನ್ನುವುದು ಲೆಕ್ಕ. ವರ್ಷ ಅಂದರೆ ಚಂದ್ರನ ವರ್ಷ, ಸುಮಾರು 354 ದಿನ. ನಿಸಾಬ್ ಮುಟ್ಟಿದ ದಿನದಿಂದ ಅದು ಶುರು. ರಂಜಾನ್‌ನಲ್ಲೇ ಲೆಕ್ಕ ಹಾಕಬೇಕು ಅಂತೇನಿಲ್ಲ, ನೆನಪಿಟ್ಟುಕೊಳ್ಳಲು ಸುಲಭ ಅಂತ ಜನ ಹಾಗೆ ಮಾಡುತ್ತಾರೆ ಅಷ್ಟೇ. ಈ ನೀರಿನ ಕೊಡದ ದೃಶ್ಯ ಹದಿನೈದು ಸೆಕೆಂಡ್ ಕೂಡ ಇಲ್ಲ. ಆದರೆ ಜನ ಈಗಲೂ ನನ್ನನ್ನು ನೋಡಿದರೆ ಅದನ್ನೇ ಹೇಳುತ್ತಾರೆ.

ಕೊಡಬೇಕಾದವರ ಉದಾಹರಣೆಗೆ ಬಟ್ಟೆ ವ್ಯಾಪಾರ ಮಾಡುವ ಒಬ್ಬ ಚಾಚಾರನ್ನು ಕೂರಿಸಿ ಒಂದು ಚೀಟಿ ಬರೆಸಿದೆ. ಮನೆಯಲ್ಲಿ, ಬ್ಯಾಂಕಿನಲ್ಲಿ ಇರುವ ದುಡ್ಡು ಸೇರಿ 60,000. ಅಂಗಡಿಯ ಮಾಲು, ಅವತ್ತು ಮಾರಿದರೆ ಬರುವ ಬೆಲೆಯಲ್ಲಿ, 1,40,000. ಖಂಡಿತ ಬರುತ್ತದೆ ಅನ್ನುವ ಉದ್ರಿ 15,000. ಒಟ್ಟು 2,15,000. ಹೋಲ್‌ಸೇಲ್‌ನವನಿಗೆ ಕೊಡಬೇಕಾದ 45,000 ಕಳೆದರೆ 1,70,000 ಉಳಿಯಿತು. ಕೊಡಬೇಕಾದದ್ದು ಇದರಲ್ಲಿ ನೂರಕ್ಕೆ ಎರಡೂವರೆ, ಅಂದರೆ 40ರಿಂದ ಭಾಗಿಸಿದರೆ ಸಾಕು: 4,250. ಕಪಾಟು, ಫ್ಯಾನು, ಗಲ್ಲಾಪೆಟ್ಟಿಗೆ ಯಾವುದನ್ನೂ ಹಿಡಿಯಲಿಲ್ಲ. ಚಾಚಾ ಮೊದಲು ಉದ್ರಿಯನ್ನು ಮರೆತೇ ಬಿಟ್ಟಿದ್ದರು, ಹೋಲ್‌ಸೇಲ್‌ನವನ ಬಾಕಿ ಮಾತ್ರ ಸರಿಯಾಗಿ ನೆನಪಿತ್ತು!

ಮೌಲಾನಾ ಹೇಳಿದ ಒಂದು ಮಾತಿನಿಂದ ಕ್ಯೂಆರ್ ಕೋಡ್ ತೆಗೆಯುವುದು ಸುಲಭವಾಯಿತು. ಒಂದು ಕಮಿಟಿಯವರು ಮಸೀದಿ ಕಟ್ಟಡದ ಕೋಡ್ ಹಾಕು ಅಂತ ಒತ್ತಾಯಿಸುತ್ತಿದ್ದರು. ಆದರೆ ಝಕಾತ್ ಅರ್ಹ ವ್ಯಕ್ತಿಯ ಕೈಗೆ, ಅವನ ಸ್ವಂತದ್ದಾಗಿ ಸೇರಬೇಕು, ಗೋಡೆಗೂ ಗಾರೆಗೂ ಆಗುವುದಿಲ್ಲ. ಅಪ್ಪ, ಅಮ್ಮ, ಮಕ್ಕಳು, ಮೊಮ್ಮಕ್ಕಳಿಗೂ ಕೊಡುವ ಹಾಗಿಲ್ಲ, ಅವರನ್ನು ನೋಡಿಕೊಳ್ಳುವುದು ನಿಮ್ಮದೇ ಹೊಣೆ. ಕಷ್ಟದಲ್ಲಿರುವ ಅಣ್ಣ ತಂಗಿಗೆ ಕೊಡಬಹುದು. ಇದು ಝಕಾತ್ ಅಂತ ಅವರಿಗೆ ಹೇಳಲೇಬೇಕು ಅಂತಿಲ್ಲ, ಕೊಡುವವನ ಮನಸ್ಸಿನಲ್ಲಿ ಇದ್ದರೆ ಸಾಕು. ಈ ಮಾತು ಹೇಳಿ ವಿಡಿಯೋ ನಿಲ್ಲಿಸಿದೆ. ಫೋನ್ ನಂಬರ್ ಇಲ್ಲ, ಇಲ್ಲಿಗೆ ಕಳಿಸಿ ಅನ್ನುವುದೂ ಇಲ್ಲ.

ಹಾಂ, ಸದ್ಕಾ, ಅಂದರೆ ಇಷ್ಟಪಟ್ಟು ಮಾಡುವ ದಾನದ ಬಗ್ಗೆ ನಡುವೆ ಎರಡೇ ಸಾಲು ಹೇಳಿದ್ದೇನೆ. ಅದಕ್ಕೆ ಮಿತಿಯಿಲ್ಲ, ದಿನ ಇಲ್ಲ, ಯಾವ ಧರ್ಮದವರಿಗೂ ಕೊಡಬಹುದು, ದುಡ್ಡೇ ಆಗಬೇಕಿಲ್ಲ. ದಾರಿಯಲ್ಲಿ ಬಿದ್ದ ಕಲ್ಲು ಸರಿಸಿದರೂ ಸದ್ಕಾ ಅಂತ ಪ್ರವಾದಿಯವರ ಹದೀಸ್ ಇದೆ. ನಮ್ಮ ಗಲ್ಲಿಯಲ್ಲಿ ಒಂದು ಕಲ್ಲು ಸರಿಸುತ್ತಾ ಅದನ್ನು ಶೂಟ್ ಮಾಡಿದೆ, ಹಿಂದೆ ಒಂದು ನಾಯಿ ಬೊಗಳಿದ್ದು ಹಾಗೇ ಉಳಿದಿದೆ.

ಹಾಕಿದ ಮೂರನೇ ದಿನ ಮಡಗಾಂವ್‌ನಿಂದ ಭಟ್ಕಳದವರೊಬ್ಬರು ಫೋನ್ ಮಾಡಿದರು. "ತಮ್ಮಾ, ನಾವು ಶಾಫಿಗಳು, ನಮ್ಮಲ್ಲಿ ಹೆಂಗಸರು ದಿನಾ ತೊಡುವ ಬಂಗಾರಕ್ಕೆ ಝಕಾತ್ ಇಲ್ಲ. ನೀನು ಎಲ್ಲರಿಗೂ ಒಂದೇ ಅನ್ನುವ ಹಾಗೆ ಹೇಳಿದ್ದೀಯ." ಅವರು ಹೇಳಿದ್ದು ನಿಜ. ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿಗಳು ಅಂತ ಗೊತ್ತಿದ್ದೂ ನಾನು ನಮ್ಮ ಓಣಿಯನ್ನಷ್ಟೇ ನೆನೆದು ಮಾತಾಡಿದ್ದೆ. ವಿಡಿಯೋ ತೆಗೆದು "ಇದು ಹನಫಿ ಲೆಕ್ಕ, ಶಾಫಿಗಳು ಬಂಗಾರದ ವಿಷಯ ತಮ್ಮ ಆಲಿಮರನ್ನು ಕೇಳಿ" ಅಂತ ಸೇರಿಸಿ ಮತ್ತೆ ಹಾಕಿದೆ.

ಅದೇ ಹೊತ್ತಿಗೆ ಇನ್ನೊಂದು ತಿದ್ದುಪಡಿ ಮಾಡಿದೆ. ನಿಸಾಬ್ ಅನ್ನು ರೂಪಾಯಿಯಲ್ಲಿ ಬಾಯಿಂದ ಹೇಳಿದ್ದೆ, ಬೆಳ್ಳಿ ರೇಟು ಏರಿದರೆ ವಿಡಿಯೋ ಸುಳ್ಳಾಗುತ್ತದೆ. ಈಗ ಬಾಯಲ್ಲಿ ಬರೀ ತೊಲ, ಗ್ರಾಂ. ರೂಪಾಯಿ ಲೆಕ್ಕ ಚೀಟಿಯಲ್ಲಿದೆ, ಪಕ್ಕದಲ್ಲಿ "ಉದಾಹರಣೆಗೆ ಮಾತ್ರ" ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಅಕ್ಷರ ಭಾಬಿಯ ಮಗಳದ್ದು, ನನ್ನದು ಓದಲು ಬರುವುದಿಲ್ಲ.